ಮೂರನೆಯವನ ಹೆಜ್ಜೆ ಸಪ್ಪಳ

ವಾಲ್ಟರ್ ಮರ್ಚ್‌ಗೆ 1969ರಲ್ಲಿ ಸಿಕ್ಕ ಕೆಲಸ ನಡಿಗೆಯ ಸದ್ದು ಕೂರಿಸುವುದು. ಕಾಲೇಜು ಗೆಳೆಯ ಜಾರ್ಜ್ ಲ್ಯೂಕಸ್ ತನ್ನ ಮೊದಲ ಪೂರ್ಣಪ್ರಮಾಣದ ಸಿನಿಮಾ ‘ಟಿಎಚ್‌ಎಕ್ಸ್ 1138’ ಮಾಡುತ್ತಿದ್ದ. ಅದರಲ್ಲಿ ರೋಬಾಟ್ ಪೊಲೀಸರು ಬರುತ್ತಾರೆ. ಕತೆಯ ಲೆಕ್ಕದಲ್ಲಿ ಅವು ಭಾರಿ ತೂಕದ ಲೋಹದ ದೇಹಗಳು. ಕ್ಯಾಮೆರಾ ಮುಂದೆ ನಡೆದವರು ಮಾತ್ರ ನಮ್ಮ ನಿಮ್ಮಂಥ ಮನುಷ್ಯರು. ಹೀಗಾಗಿ ಅವರ ಹೆಜ್ಜೆಗೆ ತೂಕ ಕೊಡುವ ಹೊಣೆ ಸದ್ದಿನ ಮೇಲೆ ಬಿತ್ತು.

ಮರ್ಚ್ ಕಬ್ಬಿಣದ ಅಟ್ಟೆ, ಪಕ್ಕದಲ್ಲಿ ಸ್ಪ್ರಿಂಗು ಇರುವ ವಿಚಿತ್ರ ಬೂಟು ಮಾಡಿಕೊಂಡ. ಹೆಜ್ಜೆ ಊರಿದಾಗ ಧಪ್ ಎನ್ನಬೇಕು, ಎತ್ತಿದಾಗ ಲೋಹ ಸಣ್ಣಗೆ ಝೇಂಕರಿಸಬೇಕು. ಊರು ಮಲಗಿದ ಮೇಲೆ, ಸದ್ದು ಚೆನ್ನಾಗಿ ಮೊಳಗುವ ಕಟ್ಟಡಗಳಲ್ಲಿ ಆ ಬೂಟು ಹಾಕಿ ನಡೆದು ರೆಕಾರ್ಡ್ ಮಾಡಿಕೊಂಡ. ಅಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ತೊಡಕು ಬಂದದ್ದು ಎಡಿಟಿಂಗ್ ಟೇಬಲ್ ಮೇಲೆ.

ತೆರೆಯ ಮೇಲೆ ಒಂದೇ ರೋಬಾಟ್ ನಡೆಯುವಾಗ ಸದ್ದು ಹೆಜ್ಜೆಗೆ ಸರಿಯಾಗಿ ಕೂರಲೇಬೇಕಿತ್ತು. ಸ್ವಲ್ಪ ಹಿಂದೆ ಮುಂದೆ ಆದರೂ ಕಣ್ಣಿಗೆ ಮೋಸ ಗೊತ್ತಾಗಿಬಿಡುತ್ತಿತ್ತು. ಇಬ್ಬರು ನಡೆಯುವಾಗಲೂ ಇದೇ ಪಾಡು: ಇವನದಕ್ಕೊಂದು, ಅವನದಕ್ಕೊಂದು, ಎರಡನ್ನೂ ಬೇರೆ ಬೇರೆ ಕತ್ತರಿಸಿ ಕೂರಿಸಬೇಕು. ಟೇಪಿನ ಕಾಲ ಅದು. ಪ್ರತಿ ಹೆಜ್ಜೆಗೂ ಬ್ಲೇಡು, ಅಂಟುಪಟ್ಟಿ. ಮೂವರು ಬಂದರೆ ಕೆಲಸ ಇನ್ನೂ ಅರ್ಧ ಹೆಚ್ಚಾಗಬೇಕಿತ್ತು. ಆದರೆ ಮೂವರು ಒಟ್ಟಿಗೆ ನಡೆಯುವ ಕಡೆ ಮರ್ಚ್ ಯಾವ ಹೆಜ್ಜೆಯ ಸದ್ದನ್ನು ಎಲ್ಲಿ ಇಟ್ಟರೂ ಸರಿಯಾಗಿಯೇ ಕೇಳಿಸತೊಡಗಿತು. ಯಾರ ಪಾದಕ್ಕೂ ಯಾವ ಸದ್ದೂ ಹೊಂದದಿದ್ದರೂ ನೋಡುವವರಿಗೆ ಅನುಮಾನವೇ ಬರುತ್ತಿರಲಿಲ್ಲ.

ಒಬ್ಬನ ಜಾಡು ಹಿಡಿಯಬಲ್ಲ ಮನಸ್ಸು ಕಷ್ಟಪಟ್ಟು ಇಬ್ಬರದ್ದನ್ನೂ ಹಿಡಿಯುತ್ತದೆ. ಮೂರನೆಯವನು ಸೇರಿದ ಕೂಡಲೇ ಎಣಿಕೆ ಕೈಬಿಟ್ಟು ‘ಗುಂಪು’ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತದೆ. ಮರ್ಚ್ ಇದಕ್ಕೆ ಎರಡೂವರೆಯ ನಿಯಮ ಎಂದು ಹೆಸರಿಟ್ಟ. ಪ್ರಯೋಗಾಲಯದಲ್ಲಿ ಹುಟ್ಟಿದ ನಿಯಮವಲ್ಲ ಇದು. ಮಾಡಬೇಕಾದ ಕೆಲಸ ಮಾಡದೆಯೂ ಏಕೆ ನಡೆದುಹೋಯಿತು ಎಂದು ನಿಂತು ಕೇಳಿಕೊಂಡದ್ದರಿಂದ ದಕ್ಕಿದ್ದು.

ಇಂದು ಸಂತೆಯ ದೃಶ್ಯಕ್ಕೆ ಸದ್ದು ಹಾಕುವವರು ಇದನ್ನೇ ನೆಚ್ಚುತ್ತಾರೆ. ಹತ್ತಿರದಲ್ಲಿ ಕಾಣುವ ಒಬ್ಬಿಬ್ಬರ ಹೆಜ್ಜೆಯನ್ನು ಚಾಚೂ ತಪ್ಪದೆ ಕೂರಿಸಿ, ಉಳಿದವರಿಗೆ ಸಡಿಲವಾಗಿ ಒಂದು ಪದರ ಹರಡುತ್ತಾರೆ. ಆದರೆ ನಿಯಮಕ್ಕೊಂದು ಮಿತಿ ಇದೆ. ಗುಂಪು ನಡೆಯುತ್ತಿರುವಷ್ಟು ಹೊತ್ತು ಮಾತ್ರ ಈ ಸಡಿಲು ನಡೆಯುತ್ತದೆ. ಎಲ್ಲರೂ ಒಟ್ಟಿಗೆ ಗಕ್ಕನೆ ನಿಂತಾಗ ಒಂದು ಹೆಜ್ಜೆ ತಡವಾಗಿ ಬಿದ್ದರೂ ಇಡೀ ಗುಂಪು ಸುಳ್ಳಾಗುತ್ತದೆ.

ಎಣಿಕೆಯ ಗುಟ್ಟು ಹೀಗೆ ತಿಳಿಯಿತು. ದೂರದ ಗುಟ್ಟು ಇದಕ್ಕೂ ತುಸು ಮೊದಲೇ ಕೈಗೆ ಬಂದಿತ್ತು. ಫ್ರಾನ್ಸಿಸ್ ಫೋರ್ಡ್ ಕೊಪ್ಪೊಲಾನ ‘ದ ರೇನ್ ಪೀಪಲ್’ ತೆರೆಗೆ ಬಂದದ್ದೂ 1969ರಲ್ಲೇ. ಗಂಡನನ್ನು ಬಿಟ್ಟು ಹೊರಟ ಹೆಂಗಸೊಬ್ಬಳು ಹೆದ್ದಾರಿ ಬದಿಯ ಫೋನ್ ಬೂತಿನಿಂದ ಮನೆಗೆ ಮಾತಾಡುತ್ತಾಳೆ. ಹೆದ್ದಾರಿ ಎಂದಮೇಲೆ ವಾಹನಗಳ ಮೊರೆತ ಬೇಕು. ಮೊರೆತ ಇದ್ದಷ್ಟು ಇಟ್ಟರೆ ಅವಳ ದನಿಯ ನಡುಕ ಕೇಳಿಸದು, ತೆಗೆದರೆ ಬೂತು ಸ್ಟುಡಿಯೋದ ಮೂಲೆಯಲ್ಲಿ ನಿಂತಂತೆ ತೋರುತ್ತದೆ. ಮರ್ಚ್ ಮೊರೆತವನ್ನು ಮೆಲ್ಲಗೆ ಇಳಿಸಿ, ದೂರದಲ್ಲಿ ಯಾರೋ ಸ್ಪ್ಯಾನರ್ ನೆಲಕ್ಕೆ ಬೀಳಿಸಿದ ಸಣ್ಣ ಠಣ್ ಸದ್ದೊಂದನ್ನು ಇಟ್ಟ. ಅಷ್ಟು ದೂರದ ಅಷ್ಟು ಚಿಕ್ಕ ಸದ್ದೇ ಕಿವಿಗೆ ಬಿತ್ತೆಂದರೆ ನಡುವಿನ ಬಯಲೂ ಹೆದ್ದಾರಿಯೂ ಅಲ್ಲೇ ಇವೆ ಎಂದು ಕೇಳುಗ ತಾನಾಗಿ ನಂಬಿಕೊಳ್ಳುತ್ತಾನೆ. ಈ ಯುಕ್ತಿ ಫಲಿಸಲು ಒಂದೇ ಷರತ್ತು, ಆ ಸದ್ದನ್ನು ನಿಜವಾಗಿಯೂ ದೂರದಿಂದಲೇ ರೆಕಾರ್ಡ್ ಮಾಡಿರಬೇಕು. ಹತ್ತಿರದಿಂದ ಹಿಡಿದು ವಾಲ್ಯೂಮ್ ತಗ್ಗಿಸಿದರೆ ಅದು ಹತ್ತಿರದ ಮೆಲುಸದ್ದಾಗಿಯೇ ಉಳಿಯುತ್ತದೆ. ಏಕೆಂದರೆ ದೂರದ ಸದ್ದು ಬರಿಗೈಯಲ್ಲಿ ಬರುವುದಿಲ್ಲ. ನೆಲಕ್ಕೆ, ಗೋಡೆಗೆ ಬಡಿದು ಬಂದ ಪ್ರತಿಧ್ವನಿಯನ್ನು ಕಟ್ಟಿಕೊಂಡೇ ಬರುತ್ತದೆ.

ರೂಮ್ ಟೋನ್ ಎನ್ನುವುದೂ ಹೀಗೆ ಜಾಗವನ್ನು ನಂಬಿಸುವ ಲೆಕ್ಕವೇ. ಯಾವ ಕೋಣೆಯೂ ಪೂರ್ತಿ ಸುಮ್ಮನಿರುವುದಿಲ್ಲ. ಪಕ್ಕದ ಕೋಣೆಯ ಫ್ಯಾನು, ಟ್ಯೂಬ್‌ಲೈಟಿನ ಚೋಕು, ಎರಡು ಬೀದಿಯಾಚೆಯ ಬಸ್ಸು ಎಲ್ಲ ಸೇರಿ ಒಂದು ತೆಳುವಾದ ಮೊರೆತ ಇದ್ದೇ ಇರುತ್ತದೆ. ಅಲ್ಲೇ ಕೂತವರಿಗೆ ಅದು ಕೇಳಿಸುವುದಿಲ್ಲ, ಮೈಕಿಗೆ ಕೇಳಿಸುತ್ತದೆ.

ಅಡುಗೆಮನೆಯಲ್ಲಿ ತಾಯಿ ಮಗ ಮಾತಾಡುವ ಒಂದು ದೃಶ್ಯ ತೆಗೆದುಕೊಳ್ಳಿ. ತಾಯಿಯ ಮಾತು ಹಿಡಿಯುವಾಗ ಮೈಕು ಕಿಟಕಿಯ ಕಡೆ ತಿರುಗಿತ್ತು, ಅದರಲ್ಲಿ ರಸ್ತೆ ಇದೆ. ಮಗನ ಮಾತಿಗೆ ಮೈಕು ಒಳಗೋಡೆಯ ಕಡೆ ತಿರುಗಿತು, ಅದರಲ್ಲಿ ರಸ್ತೆ ಇಲ್ಲ. ಎರಡನ್ನೂ ಕತ್ತರಿಸಿ ಜೋಡಿಸಿದರೆ ತಾಯಿ ಬಾಯಿ ತೆರೆದಾಗೆಲ್ಲ ರಸ್ತೆ ಎದ್ದು ಕೂರುತ್ತದೆ, ಮಗ ಉತ್ತರಿಸಿದಾಗೆಲ್ಲ ಮಲಗುತ್ತದೆ. ನಟನೆ ಚೆನ್ನಾಗಿದ್ದರೂ ಕಟ್ ಮಾಡಿದ ಜಾಗ ಎದ್ದು ಕಾಣುತ್ತದೆ. ಇದರ ಜೊತೆಗೆ, ಮಧ್ಯದಲ್ಲಿ ನಿರ್ದೇಶಕರು ಕೆಮ್ಮಿದ್ದನ್ನು ಎಡಿಟರ್ ಕತ್ತರಿಸಿ ಅಲ್ಲಿ ಏನೂ ಇಡದೆ ಬಿಟ್ಟರೆ ಇನ್ನೂ ಕೆಟ್ಟದು. ನೋಡುವವರು ಸ್ಪೀಕರ್ ಕೆಟ್ಟಿತೇನೋ ಎಂದುಕೊಳ್ಳುತ್ತಾರೆ. ಕೆಮ್ಮಿಗಿಂತ ಆ ತೂತೇ ಹೆಚ್ಚು ಕೇಳಿಸುತ್ತದೆ.

ಅದಕ್ಕೇ ದೃಶ್ಯ ಮುಗಿದ ಮೇಲೆ, ಲೈಟು ಆರಿಸುವ ಮುಂಚೆ, ಎಲ್ಲರೂ ಇದ್ದಲ್ಲೇ ಅಲುಗಾಡದೆ ನಿಂತು ಅರ್ಧ ನಿಮಿಷವೋ ಒಂದು ನಿಮಿಷವೋ ಬರಿಯ ಕೋಣೆಯನ್ನೇ ರೆಕಾರ್ಡ್ ಮಾಡುತ್ತಾರೆ. ಅದೇ ಮೈಕು, ಅದೇ ಜಾಗ. ಜನರನ್ನು ಹೊರಗೆ ಕಳಿಸಿ ಮಾಡಿದರೆ ಸರಿಹೋಗದು. ಅಷ್ಟು ಮೈಗಳು ಹೀರುತ್ತಿದ್ದ ಸದ್ದು ಖಾಲಿ ಕೋಣೆಯಲ್ಲಿ ಬೇರೆಯಾಗಿ ಮೊಳಗುತ್ತದೆ. ಊಟಕ್ಕೆ ಹೊರಡುವ ಹೊತ್ತಿಗೆ ‘ಒಂದು ನಿಮಿಷ ಸುಮ್ಮನಿರಿ’ ಎನ್ನುವ ಸೌಂಡ್‌ನವನನ್ನು ಸೆಟ್ಟಿನಲ್ಲಿ ಯಾರೂ ಪ್ರೀತಿಸುವುದಿಲ್ಲ. ಫ್ರಿಜ್ ಆರಿಸುವವನೂ ಅವನೇ. ಮತ್ತೆ ಹಾಕಲು ಮರೆಯಬಾರದೆಂದು ಕಾರಿನ ಕೀಲಿಯನ್ನು ಫ್ರಿಜ್ಜಿನೊಳಗಿಡುವ ಅಭ್ಯಾಸ ಈ ಕಸುಬಿನವರಲ್ಲಿ ಹಳೆಯದು. ಗೋಡೆ ಗಡಿಯಾರವನ್ನೂ ನಿಲ್ಲಿಸಬೇಕು, ಇಲ್ಲದಿದ್ದರೆ ಪ್ರತಿ ಕಟ್‌ನಲ್ಲೂ ಟಿಕ್‌ಟಿಕ್ ತಾಳ ತಪ್ಪುತ್ತದೆ.

ಹೀಗೆ ಸಿಕ್ಕ ಟೋನನ್ನು ಇಡೀ ದೃಶ್ಯದ ಕೆಳಗೆ ಹಾಸಿ, ತಾಯಿಯ ಟ್ರ್ಯಾಕಿನ ಅಂಚುಗಳನ್ನು ಮಗನ ಟ್ರ್ಯಾಕಿನೊಳಗೆ ಮೆಲ್ಲಗೆ ಕರಗಿಸಿದರೆ ಕಟ್ ಮುಚ್ಚಿಹೋಗುತ್ತದೆ. ಟೋನ್ ಐದೇ ಸೆಕೆಂಡ್ ಇದ್ದು ಅದನ್ನೇ ಮತ್ತೆ ಮತ್ತೆ ಓಡಿಸಿದರೆ ಅದರೊಳಗಿನ ಒಂದು ಕುರ್ಚಿಯ ಕಿರುಗುಟ್ಟು ಐದು ಸೆಕೆಂಡಿಗೊಮ್ಮೆ ಮರಳಿ ಬಂದು ಗುಟ್ಟು ಬಿಟ್ಟುಕೊಡುತ್ತದೆ. ಇದರ ಮೇಲೆ ಸೀರೆಯ ಸರಭರ, ಲೋಟ ಇಟ್ಟ ಸದ್ದು, ದೂರದ ಒಂದು ಹಾರನ್ ಇಷ್ಟು ಸಾಕು. ಪದರ ಸರಿಯಾಗಿದೆಯೇ ಎಂದು ತಿಳಿಯಲು ಅದನ್ನು ಕೇಳಬಾರದು, ಥಟ್ಟನೆ ಆರಿಸಬೇಕು. ಇದ್ದಾಗ ಗೊತ್ತಾಗದೆ, ಆರಿಸಿದ ಕೂಡಲೇ ಕೋಣೆ ಸತ್ತಂತಾದರೆ ಅಳತೆ ಸರಿಯಾಗಿದೆ.

ನಮ್ಮ ಸಿನಿಮಾಗಳಿಗೆ ಈ ಕೆಲಸ ಇನ್ನೂ ದೊಡ್ಡದಾಗಿತ್ತು. ಗದ್ದಲ ಮಾಡುವ ಕ್ಯಾಮೆರಾ, ಸುತ್ತ ನೆರೆದ ಜನ, ಇವುಗಳಿಂದಾಗಿ ದಶಕಗಟ್ಟಲೆ ಮಾತೆಲ್ಲ ಡಬ್ಬಿಂಗ್ ಕೋಣೆಯಲ್ಲೇ ಹುಟ್ಟುತ್ತಿತ್ತು. ಹಳೆಯ ಎಷ್ಟೋ ಕನ್ನಡ ಚಿತ್ರಗಳಲ್ಲಿ ನಾಯಕ ಬಯಲ ನಡುವೆ ನಿಂತು ಮಾತಾಡಿದರೂ ದನಿ ಮುಚ್ಚಿದ ಕೋಣೆಯಿಂದ ಬಂದಂತಿರುವುದು ಇದಕ್ಕೇ. ಬಯಲಿನ ಗಾಳಿಯನ್ನು ಮರಳಿ ತುಂಬಲು ಸಮಯವೂ ಹಣವೂ ಇರುತ್ತಿರಲಿಲ್ಲ, ಆ ಜಾಗಕ್ಕೆ ಹಿನ್ನೆಲೆ ಸಂಗೀತ ಬಂದು ಕೂರುತ್ತಿತ್ತು. ಅದನ್ನು ನಾವು ಶೈಲಿ ಎಂದುಕೊಂಡೆವು. ನನ್ನ ಮಟ್ಟಿಗೆ ಅದರಲ್ಲಿ ಅರ್ಧ ಶೈಲಿ, ಅರ್ಧ ತೇಪೆ.

ಮರ್ಚ್‌ಗೂ ಇಂಥದೇ ಒಣ ಸದ್ದಿನ ಕಾಟ ಎದುರಾಯಿತು, 1973ರ ‘ಅಮೆರಿಕನ್ ಗ್ರಫೀಟಿ’ಯಲ್ಲಿ. ಒಂದು ರಾತ್ರಿಯ ಕತೆ. ಊರಿನ ಹುಡುಗರು ಕಾರುಗಳಲ್ಲಿ ಸುತ್ತುತ್ತಾರೆ, ಎಲ್ಲ ಕಾರಿನಲ್ಲೂ ಒಂದೇ ರೇಡಿಯೋ ಕಾರ್ಯಕ್ರಮ. ಸ್ಟುಡಿಯೋದ ಶುಚಿಯಾದ ಹಾಡನ್ನು ಹಾಗೇ ಹಾಕಿದರೆ ಅದು ಕಾರಿನಿಂದ ಬಂದಂತಾಗದೆ ಹಿನ್ನೆಲೆ ಸಂಗೀತವಾಗಿಬಿಡುತ್ತದೆ. ಮರ್ಚ್ ಮತ್ತು ಲ್ಯೂಕಸ್ ಆ ಇಡೀ ಕಾರ್ಯಕ್ರಮವನ್ನು ಒಂದು ಮನೆಯ ಹಿತ್ತಲಿಗೆ ಒಯ್ದರು. ಲ್ಯೂಕಸ್ ಸ್ಪೀಕರ್ ಹಿಡಿದು ಅತ್ತಿತ್ತ ತಿರುಗಿಸುತ್ತಿದ್ದ. ಸುಮಾರು 50 ಅಡಿ ದೂರದಲ್ಲಿ ಮರ್ಚ್ ಮೈಕನ್ನು ಮನಸ್ಸಿಗೆ ಬಂದಂತೆ ಆಡಿಸುತ್ತ ನಾಗ್ರಾ ಟೇಪ್ ರೆಕಾರ್ಡರಿಗೆ ಅದನ್ನು ತುಂಬಿಕೊಂಡ. ಒಮ್ಮೆ ಸ್ಪೀಕರೂ ಮೈಕೂ ಮುಖಾಮುಖಿ, ಇನ್ನೊಮ್ಮೆ ಬೆನ್ನಿಗೆ ಬೆನ್ನು. ಮುಗಿದ ಮೇಲೆ ಮೊದಲಿಂದ ಕೊನೆಯವರೆಗೆ ಮತ್ತೊಂದು ಸಲ.

ಮಿಕ್ಸಿಂಗಿಗೆ ಬಂದಾಗ ಅವನ ಬಳಿ ಮೂರು ಟ್ರ್ಯಾಕ್ ಇದ್ದವು: ಒಂದು ಒಣದು, ಎರಡು ಹಿತ್ತಲಿನವು. ಹಿತ್ತಲಿನ ಎರಡನ್ನೂ ಒಂದಕ್ಕೊಂದು ಕೆಲವು ಫ್ರೇಮ್ ಸರಿಸಿ ಇಟ್ಟುಕೊಂಡ. ಹಾಡಿಗೇ ಗಮನ ಬೇಕಾದಾಗ ಒಣ ಟ್ರ್ಯಾಕ್ ಮುಂದೆ ಬರುತ್ತದೆ, ಇಬ್ಬರು ಮಾತಾಡತೊಡಗಿದರೆ ಅದು ಹಿಂದೆ ಸರಿದು ಹಿತ್ತಲಿನವು ಏಳುತ್ತವೆ. ಹಾಡು ನಿಲ್ಲುವುದಿಲ್ಲ, ಆದರೂ ಮಾತಿಗೆ ಅಡ್ಡ ಬರುವುದಿಲ್ಲ. ಕಿವಿ ಅದನ್ನು ಬೀದಿಯ ಗಾಳಿಗೆ ಸೇರಿಸಿ ಬದಿಗಿಡುತ್ತದೆ. ಸ್ಟುಡಿಯೋ ಸದ್ದನ್ನು ಹೀಗೆ ಲೋಕದೊಳಗೆ ಹಾಯಿಸಿ ತರುವುದನ್ನು ಮರ್ಚ್ ‘ವರ್ಲ್ಡೈಸಿಂಗ್’ ಎಂದು ಕರೆದ.

ಹೊಸದೊಂದು ಕಂಡುಹಿಡಿದೆ ಎಂಬ ನಂಬಿಕೆಯಲ್ಲೇ ಅವನು ಇಪ್ಪತ್ತೈದು ವರ್ಷ ಇದ್ದ. ಆಮೇಲೆ ಆರ್ಸನ್ ವೆಲ್ಸ್‌ನ ‘ಟಚ್ ಆಫ್ ಈವಿಲ್’ ಕೈಗೆ ಬಂತು. 1958ರ ಈ ಚಿತ್ರವನ್ನು ಯೂನಿವರ್ಸಲ್ ಸ್ಟುಡಿಯೋ ವೆಲ್ಸ್‌ನ ಕೈತಪ್ಪಿಸಿ ಎಡಿಟ್ ಮಾಡಿಸಿತ್ತು. ಅದನ್ನು ನೋಡಿದ ವೆಲ್ಸ್ ಏನೇನು ತಿದ್ದಬೇಕೆಂದು 58 ಪುಟಗಳ ಪತ್ರ ಬರೆದಿದ್ದ. ಆ ಪತ್ರ ಹಿಡಿದು 1998ರಲ್ಲಿ ಚಿತ್ರವನ್ನು ಮತ್ತೆ ಎಡಿಟ್ ಮಾಡಲು ಕೂತ ಮರ್ಚ್‌ಗೆ ಅದರಲ್ಲಿ ತನ್ನದೇ ಯುಕ್ತಿ ಸಿಕ್ಕಿತು. ಬೀದಿಯ ಸಂಗೀತವನ್ನು ಸ್ಟುಡಿಯೋದಲ್ಲಿ ನುಣುಪಾಗಿ ಇಡಬೇಡಿ, ಹೊರಗಿನ ಓಣಿಯಲ್ಲಿ ಅಗ್ಗದ ಸ್ಪೀಕರಿನಿಂದ ಹಾಡಿಸಿ ಮತ್ತೆ ರೆಕಾರ್ಡ್ ಮಾಡಿ ಎಂದು ವೆಲ್ಸ್ ವಿವರವಾಗಿ ಹೇಳಿದ್ದ. ಹಾಗಾಗಿ ಹೆಸರು ಮರ್ಚ್‌ನದು, ಮೊದಲು ಕಂಡವನ ಪಾಲು ವೆಲ್ಸ್‌ಗೆ ಸಲ್ಲಬೇಕು.

ಎರಡೂ ಆವೃತ್ತಿಗಳ ಆರಂಭವನ್ನು ಒಂದರ ಹಿಂದೊಂದು ಕೇಳಿ ನೋಡಿ. ಕಾರಿಗೆ ಬಾಂಬ್ ಇಡುತ್ತಾರೆ, ಮೂರು ನಿಮಿಷಕ್ಕೂ ಹೆಚ್ಚು ಹೊತ್ತು ಎಲ್ಲೂ ಕಟ್ ಇಲ್ಲದೆ ಕ್ಯಾಮೆರಾ ಊರಿನೊಳಗೆ ಸಾಗುತ್ತದೆ. 1958ರದ್ದರಲ್ಲಿ ಅದರ ಮೇಲೆ ಹೆಸರುಗಳ ಪಟ್ಟಿಯೂ ಹೆನ್ರಿ ಮಾನ್ಸಿನಿಯ ಸಂಗೀತವೂ ಇವೆ. 1998ರದ್ದರಲ್ಲಿ ಎರಡೂ ಇಲ್ಲ. ಕ್ಲಬ್ಬುಗಳ ಬಾಗಿಲಿನಿಂದ ತೇಲಿಬರುವ ಹಾಡುಗಳ ನಡುವೆ ಆ ಕಾರಿನ ರೇಡಿಯೋ ಒಮ್ಮೆ ಹತ್ತಿರವಾಗುತ್ತದೆ, ಒಮ್ಮೆ ದೂರವಾಗುತ್ತದೆ. ಬಾಂಬ್ ಎಲ್ಲಿದೆ ಎಂದು ನಮಗೆ ತಿಳಿಯುವುದು ಆ ರೇಡಿಯೋದಿಂದ.