ಆರತಕ್ಷತೆಯಲ್ಲಿ ಮೂರು ನಿಮಿಷ

ನನ್ನ ಕಾಲೇಜು ಗೆಳತಿಯ ಮದುವೆ ಗೊತ್ತಾದ ಮೇಲೆ ಅವಳ ತಮ್ಮ ಒಂದು ದಿನ ಫೋನ್ ಮಾಡಿದ. "ಅಕ್ಕಾ, ಆರತಕ್ಷತೆ ದಿನ ನಮ್ಮಕ್ಕನ ಬಗ್ಗೆ ನೀವೇ ನಾಲ್ಕು ಮಾತಾಡ್ಬೇಕು" ಎಂದ. ಒಪ್ಪಿಕೊಂಡೆ. ಅವತ್ತೇ ರಾತ್ರಿ ಕೂತು ಬರೆದೆ: ಸರಳ ಸ್ವಭಾವದವಳು, ಹಸನ್ಮುಖಿ, ಕಷ್ಟಕ್ಕಾಗುವವಳು, ಓದಿನಲ್ಲಿ ಮುಂದು. ಬೆಳಿಗ್ಗೆ ಎದ್ದು ಓದಿದರೆ, ಅದು ಯಾವ ಹುಡುಗಿಯ ಬಗ್ಗೆ ಬರೆದದ್ದೆಂದು ನನಗೇ ತಿಳಿಯಲಿಲ್ಲ. ಹೆಸರು ಬದಲಿಸಿದರೆ ನಮ್ಮ ಹಾಸ್ಟೆಲಿನ ಯಾರಿಗೆ ಬೇಕಾದರೂ ಹೊಂದುತ್ತಿತ್ತು.

ಮದುವೆ ಮನೆಯಲ್ಲಿ ಹೆಣ್ಣು ಗಂಡಿನ ಬಗ್ಗೆ ಮಾತಾಡುವುದು ನಮಗೆ ಹೊಸತಲ್ಲ. ಬೀಗರ ಹಾಡಿನಲ್ಲಿ ಎರಡೂ ಕಡೆಯವರು ಒಬ್ಬರನ್ನೊಬ್ಬರು ಕಿಚಾಯಿಸುತ್ತಿದ್ದರು. ಉತ್ತರ ಕರ್ನಾಟಕದಲ್ಲಿ ಮದುಮಗಳು ಒಡಪು ಕಟ್ಟಿ ಗಂಡನ ಹೆಸರು ಹೇಳುತ್ತಾಳೆ. ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದಲ್ಲಿ, 1966ರಲ್ಲಿ ಅವರ ಮಗ ತೇಜಸ್ವಿ ಮದುವೆಯಾದದ್ದು ಇದೇ ರೀತಿಯಲ್ಲಿ, ಗದ್ದಲ ಕಡಿಮೆ. ಹಾಗಾಗಿ ನಾಲ್ಕು ಮಾತಿಗೆ ಅಲ್ಲಿ ತಾನಾಗಿಯೇ ಜಾಗ ಸಿಗುತ್ತದೆ. ಆದರೆ ಗೆಳತಿ ಮೈಕ್ ಹಿಡಿದು ಮದುಮಗಳ ಬಗ್ಗೆಯೇ ಮಾತಾಡುವುದು ನಮ್ಮ ಮಂಟಪಗಳಿಗೆ ಇತ್ತೀಚೆಗೆ ಬಂದದ್ದು. ಅದನ್ನು ಹೇಗೆ ಮಾಡಬೇಕೆಂದು ಹೇಳಿಕೊಡುವ ಅಜ್ಜಿಯರು ಮನೆಯಲ್ಲಿಲ್ಲ.

ಮಾತು ಯಾರಿಗೆ ಎಂಬುದು ಗೊತ್ತಾಗುವ ತನಕ ನನ್ನ ಕೈ ಓಡಲಿಲ್ಲ. ಕೊನೆಗೆ ಹೊಳೆಯಿತು. ಹುಡುಗಿಯ ಬಾಲ್ಯ ಅವಳ ಅಪ್ಪ ಅಮ್ಮನಿಗೆ ಗೊತ್ತು. ಮುಂದಿನ ಬದುಕನ್ನು ಗಂಡನ ಮನೆಯವರು ನೋಡುತ್ತಾರೆ. ನಡುವಿನ ಕಾಲೇಜಿನ ಮೂರು ವರ್ಷ ಅವಳು ಹೇಗಿದ್ದಳೆಂದು ಈ ಇಬ್ಬರೂ ಕಂಡಿಲ್ಲ, ಕಂಡವರು ನಾವು. ಮನೆಯವರ ಕಣ್ಣಿಲ್ಲದ ಕಡೆ, ಕೈಯಲ್ಲಿ ಸ್ವಲ್ಪ ದುಡ್ಡು ಮತ್ತು ಪೂರ್ತಿ ಸ್ವಾತಂತ್ರ್ಯ ಇದ್ದಾಗ ಅವಳು ಏನು ಮಾಡಿದಳು ಅನ್ನುವುದಕ್ಕೆ ನಾನು ಸಾಕ್ಷಿ. ಧಾರವಾಡದಿಂದ ಬರುವ ಬೀಗರಿಗೆ ನಾನು ಒಪ್ಪಿಸಬೇಕಾದದ್ದು ಅದೊಂದನ್ನೇ.

ಮೊದಲು ನೆನಪಾದವು ಮೂರು ಕತೆ, ಮೂರನ್ನೂ ಬಿಟ್ಟೆ. ಕಾಲೇಜಿಗೇ ಮೊದಲಿಗಳಾದ ಕತೆ ಅವಳ ಮನೆಯ ಗೋಡೆಯ ಮೇಲೆ ಫೋಟೋ ಆಗಿ ತೂಗುತ್ತಿದೆ, ಬೀಗರು ಹೆಣ್ಣು ನೋಡಲು ಬಂದಾಗಲೇ ಅದನ್ನು ಕೇಳಿದ್ದಾರೆ. ಮಳೆಯಲ್ಲಿ ಮುಳ್ಳಯ್ಯನಗಿರಿಗೆ ಹೋಗಿ ಕೊನೆಯ ಬಸ್ಸು ತಪ್ಪಿಸಿಕೊಂಡ ಕತೆಗೆ ನಾವೆಲ್ಲ ಈಗಲೂ ಬಿದ್ದು ಬಿದ್ದು ನಗುತ್ತೇವೆ. ಆದರೆ ಆ ಪ್ರವಾಸದ ವಿಷಯ ಅವಳ ಅಪ್ಪನಿಗೆ ಗೊತ್ತಿಲ್ಲ, ಅದನ್ನು ಅವರು ಮೈಕಿನಲ್ಲಿ ಕೇಳಬಾರದು. ಇಂಥ ಕತೆಗೆ ಗೆಳತಿಯರ ಒಂದು ಮೇಜಿನವರು ನಗುತ್ತಾರೆ, ಉಳಿದ ಮಂದಿ ಮುಖ ಮುಖ ನೋಡಿಕೊಳ್ಳುತ್ತಾರೆ. ಮೂರನೆಯದನ್ನು ಬಿಡುವಾಗ ನಿಜಕ್ಕೂ ಸಂಕಟವಾಯಿತು. ನನಗೆ ಕಾಮಾಲೆಯಾದಾಗ ಹನ್ನೆರಡು ದಿನ ಅವಳು ಗಂಜಿ ಕಾಯಿಸಿ ಕೊಟ್ಟಿದ್ದಳು. ಬರೆದು ನೋಡಿದರೆ ತುಂಬ ನನ್ನ ಜ್ವರ, ನನ್ನ ಸಂಕಟ, ನನ್ನ ಕೃತಜ್ಞತೆ. ಮದುಮಗಳು ಮೂಲೆಯಲ್ಲಿ ಪಾತ್ರೆ ಹಿಡಿದು ನಿಂತಿದ್ದಳು, ಅಷ್ಟೆ. ಅಲ್ಲದೆ ಒಳ್ಳೆಯ ಗೆಳತಿ ಯಾರಿದ್ದರೂ ಅಷ್ಟು ಮಾಡುತ್ತಿದ್ದರು.

ಬೇಕಾಗಿದ್ದದ್ದು ಅವಳು ಮಾತ್ರ ಮಾಡಬಹುದಾಗಿದ್ದ ಕೆಲಸದ ಕತೆ. ಹಾಗಲ್ಲದೆ ಬೇರೆ ರೀತಿ ಮಾಡಲು ಅವಳಿಗೆ ದಾರಿ ಇತ್ತು, ಎಲ್ಲರೂ ಅದೇ ದಾರಿ ಹಿಡಿಯುತ್ತಿದ್ದರು, ಅವಳು ಹಿಡಿಯಲಿಲ್ಲ ಅನ್ನುವಂಥದ್ದು. ಆಯ್ಕೆ ಎದುರಿಗಿದ್ದಾಗಲೇ ಗುಣ ಹೊರಗೆ ಬರುತ್ತದೆ. ಹೀಗೆ ಹುಡುಕುವಾಗ ಹಾಸ್ಟೆಲಿನ ಹಾಲಿನ ಲೆಕ್ಕ ನೆನಪಾಯಿತು. ಅಷ್ಟು ವರ್ಷ ಅದನ್ನು ಒಂದು ಕತೆ ಎಂದೇ ನಾನು ಎಣಿಸಿರಲಿಲ್ಲ.

ಬರೆದದ್ದನ್ನು ಗಟ್ಟಿಯಾಗಿ ಓದಿ ಫೋನಿನಲ್ಲಿ ಹೊತ್ತು ನೋಡಿದೆ, ಏಳು ನಿಮಿಷ. ಮನಸ್ಸಿನಲ್ಲಿ ಓದಿಕೊಂಡಾಗ ಎರಡೇ ನಿಮಿಷ ಅನ್ನಿಸಿತ್ತು. ಆಮೇಲೆ ಅಮ್ಮನ ಮುಂದೆ ಓದಿದೆ. ಅಮ್ಮ ನನ್ನ ಗೆಳತಿಯನ್ನು ಒಮ್ಮೆಯೂ ಕಂಡವರಲ್ಲ, ಅಂದರೆ ಬೀಗರಂತೆಯೇ. "ಡಿವೈಡಿಂಗ್ ಸಿಸ್ಟಮ್ ಅಂದ್ರೇನೇ?" ಎಂದು ಕೇಳಿದರು. ಆ ಪದ ಹೋಗಿ "ತಿಂಗಳ ಖರ್ಚನ್ನು ತಲೆಗಿಷ್ಟು ಅಂತ ಹಂಚುವುದು" ಎಂದಾಯಿತು. ವಾರ್ಡನ್, ರೂಮಿನ ನಂಬರು, ನಮ್ಮ ಅಡ್ಡಹೆಸರುಗಳು, ಎಲ್ಲ ಹೊರಟವು. ಉಳಿಸಿದ್ದು ಕಣ್ಣಿಗೆ ಕಾಣುವ ಒಂದೆರಡು ವಸ್ತು. ಅಮ್ಮ ಎರಡನೇ ಸಲ ಕೇಳಿದಾಗ ಬಾಗಿಲ ಮೇಲಿನ ಗೀಟಿನ ಹತ್ತಿರ ಕೈಕೆಲಸ ನಿಲ್ಲಿಸಿ ತಲೆ ಎತ್ತಿದರು. ಅದನ್ನು ಮುಟ್ಟಲಿಲ್ಲ.

ಕೊನೆಗೆ ಮಂಟಪದಲ್ಲಿ ನಾನು ಆಡಿದ ಮಾತು ಇಷ್ಟು:

"ಹಿರಿಯರಿಗೆಲ್ಲ ನಮಸ್ಕಾರ. ನಾನು ಮದುಮಗಳ ಜೊತೆ ಮೈಸೂರಿನಲ್ಲಿ ಮೂರು ವರ್ಷ ಒಂದೇ ಹಾಸ್ಟೆಲಿನಲ್ಲಿದ್ದೆ. ನಾವು 48 ಹುಡುಗಿಯರು. ಅಡುಗೆಮನೆ ಲೆಕ್ಕ ನಾವೇ ನೋಡ್ಕೋತಿದ್ವಿ, ತಿಂಗಳ ಖರ್ಚನ್ನು ತಲೆಗಿಷ್ಟು ಅಂತ ಹಂಚ್ತಿದ್ವಿ. ಆ ವರ್ಷ ಲೆಕ್ಕ ಇವಳ ಕೈಲಿತ್ತು. ಪರೀಕ್ಷೆ ತಿಂಗಳು ಮುಗೀತು, ಪಾಲು ಎಂದಿಗಿಂತ ಕಡಿಮೆ ಬಂತು. ನಮಗೆಲ್ಲ ಖುಷಿ. ಇವಳು ಮಾತ್ರ ಪುಸ್ತಕ ಮುಚ್ಚಲಿಲ್ಲ. 'ದಿನಾ ರಾತ್ರಿ ಎಲ್ಲರೂ ಟೀ ಕುಡಿದಿದ್ದೀವಿ, ಹಾಲಿನ ಖರ್ಚು ಹೋದ ತಿಂಗಳಷ್ಟೇ ಹೇಗಿರುತ್ತೆ?' ಅಂದಳು.

ಹೆಚ್ಚಿಗೆ ಹಾಲು ತಗೊಂಡ ದಿನ ಹಾಲಿನವರು ಬೇರೆ ಚೀಟಿ ಕೊಡ್ತಿದ್ರು. ಒಂದು ಚೀಟಿಯೂ ಸಿಗಲಿಲ್ಲ. ಹಾಲಿನವರೂ ಕೇಳಿರಲಿಲ್ಲ. ಇವಳು ಅಡುಗೆಯ ಅಕ್ಕನ ಹತ್ತಿರ ಹೋದಳು. ಅಕ್ಕನಿಗೆ ಓದು ಬರಹ ಬರ್ತಿರಲಿಲ್ಲ. ಆದರೆ ಅಡುಗೆಮನೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ದಿನಕ್ಕೊಂದು ಗೀಟು ಎಳೆದಿದ್ರು. ಎಣಿಸಿದ್ವಿ, 15 ಗೀಟು. ದಿನಕ್ಕೆ ಎರಡು ಲೀಟರಿನಂತೆ 30 ಲೀಟರ್. ಲೀಟರಿಗೆ 36 ರೂಪಾಯಿ, ಒಟ್ಟು 1,080. ಪರೀಕ್ಷೆ ಮುಗಿಸಿ ಊರಿಗೆ ಹೊರಟ ಹುಡುಗಿಯರನ್ನು ಇವಳು ಗೇಟಿನ ಹತ್ತಿರ ನಿಲ್ಲಿಸಿ ತಲಾ ಇಪ್ಪತ್ತೆರಡೂವರೆ ರೂಪಾಯಿ ಈಸ್ಕೊಂಡಳು. ಬೈಸ್ಕೊಂಡಳು ಕೂಡ. ಮಾರನೇ ದಿನ ಬೆಳಿಗ್ಗೆ ಐದೂವರೆಗೆ ಎದ್ದು ಹೋಗಿ, 'ಅಣ್ಣಾ, ಚೀಟಿ ನನ್ನ ಕೈಯಿಂದ ಕಳೆದುಹೋಗಿತ್ತು, ತಪ್ಪಾಯ್ತು' ಅಂತ ದುಡ್ಡು ಕೊಟ್ಟು ಬಂದಳು.

ಮೂರು ದಿನದ ಮೇಲೆ ನನ್ನ ಅರ್ಥಶಾಸ್ತ್ರದ ನೋಟ್ಸ್ ಬಿಚ್ಚಿದೆ. ಒಳಗೆ 15 ಚೀಟಿ ಇತ್ತು. ಚೀಟಿ ಇಸ್ಕೊಂಡು ಪುಟದ ಮಧ್ಯೆ ಇಟ್ಟು ಮರೆತವಳು ನಾನು. ತಗೊಂಡು ಹೋಗಿ ತೋರಿಸಿದೆ. ನೋಡಿದಳು, ಲೆಕ್ಕದ ಪುಸ್ತಕಕ್ಕೆ ಪಿನ್ ಹಾಕಿದಳು, 'ಊಟಕ್ಕೆ ಹೋಗೋಣ ಬಾ' ಅಂದಳು. ಇವತ್ತಿನವರೆಗೂ ಅದನ್ನು ಯಾರಿಗೂ ಹೇಳಿಲ್ಲ. ಹಾಗಾಗಿ ನಾನೇ ಹೇಳ್ತಿದ್ದೀನಿ. ಭಾವ, ನಿಮ್ಮ ಮನೆಗೆ ಬರ್ತಿರೋದು ಇವಳು. ಇಬ್ಬರೂ ಚೆನ್ನಾಗಿ ಬಾಳಿ."

ಇದರಲ್ಲಿ ಪ್ರಾಮಾಣಿಕ ಎಂಬ ಪದ ಇಲ್ಲ, ನಿಷ್ಠೆ ಎಂಬುದೂ ಇಲ್ಲ. ಎರಡನೇ ಸಲ ಬರೆದಾಗ ಇದ್ದವು, ತೆಗೆದೆ. ಕೇಳುವವರು ತಾವೇ ಆ ಮಾತಿಗೆ ಬರುವಷ್ಟರಲ್ಲಿ ನಾವು ಅವಸರಪಟ್ಟು ಹೇಳಿಬಿಟ್ಟರೆ, ಮಾತು ಅವರದಾಗುವುದಿಲ್ಲ. ಗೇಟಿನಲ್ಲಿ ಬೈಸಿಕೊಂಡದ್ದನ್ನು ಬೇಕೆಂದೇ ಇಟ್ಟುಕೊಂಡೆ. ಕೆಲಸಕ್ಕೆ ಬೆಲೆ ತೆತ್ತಿದ್ದಾಳೆ ಎಂದು ತೋರಿಸದೆ ಹೋದರೆ ಕತೆ ಬರೀ ಹೊಗಳಿಕೆ ಆಗಿಬಿಡುತ್ತದೆ. ನನ್ನ ತಪ್ಪನ್ನು ಕೊನೆಗೆ ಇಟ್ಟದ್ದಕ್ಕೂ ಕಾರಣವಿದೆ. ಮೊದಲೇ ಹೇಳಿದ್ದರೆ ಅದು ಹಾಲಿನ ಲೆಕ್ಕದ ಕತೆ ಮಾತ್ರ ಆಗುತ್ತಿತ್ತು. ಕೊನೆಗೆ ಬಂದದ್ದರಿಂದ, ಲೆಕ್ಕ ಬಿಡದವಳು ಗೆಳತಿಯ ಮಾನವನ್ನೂ ಬಿಡಲಿಲ್ಲ ಎಂಬುದು ಸೇರಿಕೊಂಡಿತು.

ಒಂದು ಅನುಮಾನ ಮಾತ್ರ ಕಾಡುತ್ತಿತ್ತು. ಅವಳು ಮುಚ್ಚಿಟ್ಟದ್ದನ್ನು ಸಭೆಯಲ್ಲಿ ಬಿಚ್ಚಿಡಬಹುದೇ? ಮಾತು ಅನಿರೀಕ್ಷಿತವಾಗಿರಲಿ ಎಂಬ ಆಸೆ ಎಲ್ಲರಿಗೂ ಇರುತ್ತದೆ, ನನಗೂ ಇತ್ತು. ಆದರೂ ವಾರದ ಮುಂಚೆ ಫೋನ್ ಮಾಡಿ, "ಹಾಲಿನ ಚೀಟಿ ವಿಷಯ ಹೇಳಲೇನೇ?" ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಡುಗೆ ಅಕ್ಕನ ಗೀಟು ಮರೀಬೇಡ" ಎಂದಳು. ಒಪ್ಪಿಗೆ ಸಿಕ್ಕ ಮೇಲೆ ನನ್ನ ದನಿಯ ಅಳುಕು ಹೋಯಿತು.

ಉಳಿದದ್ದು ಹೊತ್ತಿನ ವಿಷಯ. ಆರತಕ್ಷತೆಯಲ್ಲಿ ಒಮ್ಮೆ ಸಾಲು ಹತ್ತಿದರೆ ಮುಗಿಯಿತು. ಕೈಯಲ್ಲಿ ಉಡುಗೊರೆ ಹಿಡಿದು ನಿಂತವರಿಗೆ ಫೋಟೋ ಮುಗಿಸಿ ಊಟದ ಪಂಕ್ತಿ ಹಿಡಿಯುವ ಚಿಂತೆ. ಆಗ ಎಂಥ ಕತೆಯೂ ನಿಲ್ಲುವುದಿಲ್ಲ. ಹಾಗಾಗಿ ಮದುಮಕ್ಕಳು ವೇದಿಕೆಗೆ ಬಂದು ಕೂತ ಕೂಡಲೇ, ಸಾಲು ಬಿಡುವ ಮೊದಲು ಐದು ನಿಮಿಷ ಕೊಡಿ ಎಂದು ಅವಳ ತಮ್ಮನಿಗೆ ಹೇಳಿಟ್ಟಿದ್ದೆ. ವಾಲಗದವರಿಗೆ ಅವನೇ ಹೋಗಿ ಹೇಳಿದ. ವಿಡಿಯೋದವರ ದೀಪ ಕಣ್ಣಿಗೆ ಹೊಡೆದರೆ ಕೈಯಲ್ಲಿನ ಹಾಳೆ ಕಾಣುವುದಿಲ್ಲ. ಅಂಗೈಯಗಲದ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ನಾಲ್ಕೇ ಪದ ಬರೆದುಕೊಂಡಿದ್ದೆ: ಟೀ, ಗೀಟು, ಗೇಟು, ನೋಟ್ಸ್. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಬಾಯಿಪಾಠ. ಇವೆರಡು ಗಟ್ಟಿಯಿದ್ದರೆ ನಡುವೆ ಒಂದು ಮಾತು ತಪ್ಪಿದರೂ ದಡ ಸೇರಬಹುದು. ನನಗೆ 36 ರೂಪಾಯಿ ಅನ್ನುವಲ್ಲಿ ಗಂಟಲು ಕಟ್ಟಿತು. ನಿಲ್ಲಿಸಿ ಉಸಿರು ತೆಗೆದುಕೊಂಡೆ, ಸಭೆ ಕಾಯಿತು.

ಊಟಕ್ಕೆ ಕೂತಾಗ ಗಂಡಿನ ಅಜ್ಜಿ ನನ್ನನ್ನು ಹುಡುಕಿಕೊಂಡು ಬಂದರು. ಇಳಕಲ್ ಸೀರೆಯ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಳ್ಳುತ್ತ ಪಕ್ಕದ ಕುರ್ಚಿಯಲ್ಲಿ ಕೂತು, "ಅಲ್ಲವಾ, ಆ ಹಾಲಿನಾಂವ ಏನಂದ ಮುಂದ?" ಎಂದು ಕೇಳಿದರು. ಏಳು ನಿಮಿಷವನ್ನು ಮೂರಕ್ಕೆ ಇಳಿಸುವಾಗ ಕತ್ತರಿಸಿದ್ದ ತುಂಡು ಅದೇ. ಹಾಲಿನವರು ಏನೂ ಅನ್ನಲಿಲ್ಲ, ಮಾರನೇ ದಿನ ಅರ್ಧ ಲೀಟರ್ ಹಾಲು ಹೆಚ್ಚಿಗೆ ಅಳೆದರು ಎಂದೆ. "ಮತ್ತ ಇಕಿ?" ಎಂದರು ಅಜ್ಜಿ. ಇವಳು ಅದಕ್ಕೂ ಒಂದು ಚೀಟಿ ಬರೆಸಿಕೊಂಡಳು ಎಂದೆ.