ಕಂಪನಿಯ ದುಡ್ಡು, ಪ್ರವರ್ತಕರ ಮನೆ

ವಾರ್ಷಿಕ ವರದಿ ಇಮೇಲ್‌ಗೆ ಬಂದಾಗ ಬಹಳಷ್ಟು ಸಣ್ಣ ಷೇರುದಾರರು ಅಧ್ಯಕ್ಷರ ಪತ್ರ ಓದಿ, ಲಾಭ ಎಷ್ಟು, ಡಿವಿಡೆಂಡ್ ಎಷ್ಟು ಎಂದು ನೋಡಿ ಮುಚ್ಚುತ್ತಾರೆ. ಮುನ್ನೂರು ಪುಟದ ಇಂಗ್ಲಿಷ್ ವರದಿಯನ್ನು ಪೂರ್ತಿ ಓದುವ ಪುರುಸೊತ್ತು ಯಾರಿಗಿದೆ? ಆದರೆ ಪ್ರವರ್ತಕರು ತಮ್ಮದೇ ಮನೆಯವರ ಸಂಸ್ಥೆಗಳ ಜೊತೆ ಕಂಪನಿಯ ದುಡ್ಡಿನಲ್ಲಿ ಏನು ವ್ಯಾಪಾರ ಮಾಡಿದ್ದಾರೆ ಎಂದು ತಿಳಿಯಲು ಎರಡೇ ಜಾಗ ನೋಡಿದರೆ ಸಾಕು. ಪಿಡಿಎಫ್‌ನ ಹುಡುಕುವ ಚೌಕದಲ್ಲಿ `AOC-2` ಎಂದು ಒಮ್ಮೆ, `Related Party` ಎಂದು ಇನ್ನೊಮ್ಮೆ ಟೈಪ್ ಮಾಡಿ.

ಮೊದಲನೆಯದು ಡೈರೆಕ್ಟರ್ಸ್ ರಿಪೋರ್ಟ್‌ಗೆ ಕರೆದೊಯ್ಯುತ್ತದೆ. 2013ರ ಕಂಪನಿ ಕಾಯ್ದೆಯ 134ನೇ ಕಲಂ ಪ್ರಕಾರ ಇದು ಷೇರುದಾರರಿಗೆ ನಿರ್ದೇಶಕ ಮಂಡಳಿ ಕೊಡಲೇಬೇಕಾದ ವರದಿ. ಸಂಬಂಧಿತರ ವಹಿವಾಟಿನ ಬಗ್ಗೆ ಅದರಲ್ಲಿ ಸಿಗುವುದು ಹೆಚ್ಚಾಗಿ ಒಂದೇ ವಾಕ್ಯ: ವರ್ಷದಲ್ಲಿ ನಡೆದ ಇಂಥ ವಹಿವಾಟುಗಳೆಲ್ಲ ದೈನಂದಿನ ವ್ಯಾಪಾರದ ಭಾಗ, ಎಲ್ಲವೂ 'ಆರ್ಮ್ಸ್ ಲೆಂಗ್ತ್' ದರದಲ್ಲೇ ನಡೆದಿವೆ. ಅಂದರೆ, ಪರಿಚಯವೇ ಇಲ್ಲದ ಮೂರನೆಯವರ ಜೊತೆ ಚೌಕಾಸಿ ಮಾಡಿದ್ದರೆ ಯಾವ ದರ ಕುದುರುತ್ತಿತ್ತೋ ಅದೇ ದರ. ಅನುಬಂಧವಾಗಿ ಬರುವ ಎಒಸಿ-2 ನಮೂನೆಯಲ್ಲಿ 'ನಿಲ್' ಎಂದಿರುತ್ತದೆ.

ಈ 'ನಿಲ್' ನೋಡಿ ಪ್ರವರ್ತಕರ ಜೊತೆ ವ್ಯವಹಾರವೇ ನಡೆದಿಲ್ಲ ಎಂದುಕೊಳ್ಳುವವರು ಬಹಳ ಮಂದಿ. ಅದರ ಅರ್ಥ ಅಷ್ಟಲ್ಲ. ದೈನಂದಿನ ವ್ಯಾಪಾರದ ಭಾಗವಾಗಿ, ಮಾರುಕಟ್ಟೆ ದರದಲ್ಲಿ ನಡೆದ ವಹಿವಾಟಿಗೆ 188ನೇ ಕಲಂ ವಿನಾಯಿತಿ ಕೊಡುತ್ತದೆ. ಎಒಸಿ-2ರಲ್ಲಿ ಕೇಳುವುದು ಮಾರುಕಟ್ಟೆ ದರಕ್ಕೆ ಹೊರತಾದ ವಹಿವಾಟು ಮತ್ತು ಆ ದರದಲ್ಲೇ ನಡೆದಿದ್ದರೂ ದೊಡ್ಡ ಗಾತ್ರದ ವಹಿವಾಟು. ಎರಡಕ್ಕೂ ಸೇರದ್ದು ಅಲ್ಲಿ ಕಾಣುವುದಿಲ್ಲ. ನೂರು ಕೋಟಿ ಕೈ ಬದಲಾಗಿದ್ದರೂ ನಮೂನೆ ಖಾಲಿ ಇರಬಹುದು, ಅದರಲ್ಲಿ ಕಾನೂನುಬಾಹಿರವಾದದ್ದೇನೂ ಇಲ್ಲ.

ಹಾಗಾಗಿ ಎರಡನೇ ಜಾಗಕ್ಕೆ ಹೋಗಬೇಕು. ಹಣಕಾಸು ಪಟ್ಟಿಗಳ ಹಿಂದೆ ಸಾಲುಸಾಲಾಗಿ ಬರುವ ನೋಟ್‌ಗಳಲ್ಲಿ, ಸಾಮಾನ್ಯವಾಗಿ ಕೊನೆಯ ಕಡೆ, ಸಂಬಂಧಿತರ ವಹಿವಾಟಿನ ನೋಟ್ ಇರುತ್ತದೆ. ಇಂಡ್ ಎಎಸ್ 24 ಎಂಬ ಲೆಕ್ಕಪತ್ರ ಮಾನದಂಡ ಇದನ್ನು ಕಡ್ಡಾಯ ಮಾಡಿದೆ. ಇಲ್ಲಿ ವಿನಾಯಿತಿಯ ಮಾತಿಲ್ಲ. ದರ ನ್ಯಾಯವಾಗಿದ್ದರೂ ವಹಿವಾಟನ್ನು ತೋರಿಸಲೇಬೇಕು, ಹಿಂದಿನ ವರ್ಷದ ಅಂಕಿಯನ್ನೂ ಪಕ್ಕದಲ್ಲಿ ಕೊಡಬೇಕು. ಒಂದು ಎಚ್ಚರ: ವರದಿಯಲ್ಲಿ ಲೆಕ್ಕಪತ್ರಗಳು ಎರಡು ಸಲ ಬರುತ್ತವೆ, ಕಂಪನಿಯದೊಂದು, ಅಂಗಸಂಸ್ಥೆಗಳನ್ನು ಕೂಡಿಸಿದ್ದು ಇನ್ನೊಂದು. ಕೂಡಿಸಿದ ಲೆಕ್ಕದಲ್ಲಿ ಅಂಗಸಂಸ್ಥೆಗಳ ಜೊತೆಗಿನ ವಹಿವಾಟು ವಜಾ ಆಗಿಹೋಗಿರುತ್ತದೆ. ಮೊದಲು ಸ್ಟ್ಯಾಂಡ್‌ಅಲೋನ್ ಲೆಕ್ಕದ ನೋಟ್ ನೋಡಿ.

ನೋಟ್‌ನ ಮೊದಲ ಭಾಗ ಹೆಸರುಗಳ ಪಟ್ಟಿ. ಅಂಗಸಂಸ್ಥೆಗಳು, ನಿರ್ದೇಶಕರು, ಅವರ ಹತ್ತಿರದ ಬಂಧುಗಳು, ಕೊನೆಗೆ ಈ ಜನರ ಹಿಡಿತದಲ್ಲಿರುವ ಇತರ ಸಂಸ್ಥೆಗಳು. ನನ್ನ ಮಟ್ಟಿಗೆ ಈ ಕೊನೆಯ ಗುಂಪೇ ಮುಖ್ಯ. ಅಂಗಸಂಸ್ಥೆಗೆ ಹೋದ ದುಡ್ಡಿನಲ್ಲಿ ನಿಮಗೂ ಪಾಲಿದೆ. ಪ್ರವರ್ತಕರ ಖಾಸಗಿ ಸಂಸ್ಥೆಗೆ ಹೋದದ್ದರಲ್ಲಿ ಇಲ್ಲ.

ಒಂದು ಕಾಲ್ಪನಿಕ ಕಂಪನಿಯ ಲೆಕ್ಕ ಹಿಡಿದು ನೋಡೋಣ. ಈ ವರ್ಷದ ಮಾರಾಟ 400 ಕೋಟಿ ರೂಪಾಯಿ, ಹೋದ ವರ್ಷ 370 ಕೋಟಿ. ನಿವ್ವಳ ಲಾಭ 18 ಕೋಟಿ. ಎಒಸಿ-2 ನಿಲ್. ನೋಟ್‌ನಲ್ಲಿ ಎರಡು ಸಾಲುಗಳಿವೆ. ಪ್ರವರ್ತಕರ ಮಗನ ಸಂಸ್ಥೆಯಿಂದ ಪ್ಯಾಕಿಂಗ್ ಸಾಮಗ್ರಿ ಖರೀದಿ 36 ಕೋಟಿ, ಹೋದ ವರ್ಷ 21 ಕೋಟಿ. ತಮ್ಮನ ಮಾರಾಟ ಸಂಸ್ಥೆಗೆ ಮಾಲು ಮಾರಿದ್ದು 30 ಕೋಟಿ, ಮಾರ್ಚ್ 31ಕ್ಕೆ ಅದರಿಂದ ಬರಬೇಕಾದ ಬಾಕಿ 26 ಕೋಟಿ.

ಖರೀದಿಯ ಸಾಲನ್ನೇ ಮೊದಲು ತೆಗೆದುಕೊಳ್ಳಿ. ಕಂಪನಿಯ ಮಾರಾಟ ಬೆಳೆದದ್ದು ಶೇ 8ರಷ್ಟು. ಮಗನ ಸಂಸ್ಥೆಯಿಂದ ಖರೀದಿ ಬೆಳೆದದ್ದು ಶೇ 71. ಹಳೆಯ ಸರಬರಾಜುದಾರನನ್ನು ಬಿಟ್ಟು ಇಲ್ಲಿಗೆ ಬಂದಿರಬಹುದು, ಅದಕ್ಕೆ ಸರಿಯಾದ ಕಾರಣವೂ ಇರಬಹುದು. ಆದರೆ 36 ಎಂಬ ಅಂಕಿ ಸ್ವಲ್ಪ ಕುತೂಹಲದ್ದು. ಸೆಬಿಯ ಲಿಸ್ಟಿಂಗ್ ನಿಯಮ 23ರ ಪ್ರಕಾರ ಇಷ್ಟು ಗಾತ್ರದ ಕಂಪನಿಯಲ್ಲಿ, ಒಬ್ಬ ಸಂಬಂಧಿತನ ಜೊತೆಗಿನ ವರ್ಷದ ವಹಿವಾಟು ಹಿಂದಿನ ಆಡಿಟ್ ಆದ ವರ್ಷದ ಒಟ್ಟು ವಹಿವಾಟಿನ ಶೇ 10 ಮೀರಿದರೆ ಷೇರುದಾರರ ಒಪ್ಪಿಗೆ ಬೇಕು. 370 ಕೋಟಿಯ ಶೇ 10 ಎಂದರೆ 37 ಕೋಟಿ. ಮಿತಿಗಿಂತ ಒಂದೇ ಕೋಟಿ ಕೆಳಗೆ ನಿಂತ ಖರೀದಿ ಆಡಿಟ್ ಸಮಿತಿಯ ಒಪ್ಪಿಗೆಯಲ್ಲೇ ಮುಗಿಯಿತು, ನಿಮ್ಮ ಮತದವರೆಗೆ ಬರಲಿಲ್ಲ. ಇಂಥದ್ದು ಒಂದು ವರ್ಷ ಆದರೆ ಕಾಕತಾಳೀಯ ಎನ್ನಬಹುದು. ಮೂರು ವರ್ಷದ ವರದಿ ತೆಗೆದಾಗಲೂ ಹೀಗೇ ಮಿತಿಯ ಅಂಚಿನಲ್ಲಿ ನಿಂತಿದ್ದರೆ, ಅಥವಾ ಒಂದೇ ಮನೆಯ ಎರಡು ಸಂಸ್ಥೆಗಳಿಗೆ ಹಂಚಿಹೋಗಿದ್ದರೆ, ಕೇಳಲೇಬೇಕಾದ ಪ್ರಶ್ನೆ.

ಬಾಕಿಯ ಸಾಲು ಇನ್ನೂ ಗಂಭೀರ. 30 ಕೋಟಿ ಮಾರಿ 26 ಕೋಟಿ ಬಾಕಿ ಎಂದರೆ ಸುಮಾರು ಹತ್ತು ತಿಂಗಳ ಉದ್ದರಿ. ಬಾಕಿಯಲ್ಲಿ ಜಿಎಸ್‌ಟಿಯೂ ಸೇರಿರುತ್ತದೆ, ಅದನ್ನು ಕಳೆದರೂ ಎಂಟೊಂಬತ್ತು ತಿಂಗಳು. ಈಗ ಬ್ಯಾಲೆನ್ಸ್ ಶೀಟ್‌ನಲ್ಲಿ ಗ್ರಾಹಕರಿಂದ ಬರಬೇಕಾದ ಒಟ್ಟು ಬಾಕಿ ನೋಡಿ. 60 ಕೋಟಿ ಎಂದುಕೊಳ್ಳೋಣ. ತಮ್ಮನ ಪಾಲು ತೆಗೆದರೆ ಹೊರಗಿನ ಗ್ರಾಹಕರದು 34 ಕೋಟಿ, ಅವರಿಗೆ ಮಾರಿದ್ದು 370 ಕೋಟಿ. ಹೊರಗಿನವರು ತಿಂಗಳೊಪ್ಪತ್ತಿನಲ್ಲಿ ದುಡ್ಡು ಕಟ್ಟುತ್ತಿದ್ದಾರೆ. ಮಾಲಿನ ದರ ಎಲ್ಲರಿಗೂ ಒಂದೇ ಇರಬಹುದು, ಆದರೆ ಇಷ್ಟು ದೀರ್ಘ ಉದ್ದರಿ ಮೂರನೆಯವರಿಗೆ ಯಾರೂ ಕೊಡುವುದಿಲ್ಲ. ಈ 26 ಕೋಟಿ ಬಾರದೇ ಹೋದರೆ ವರ್ಷದ ಲಾಭ ಪೂರ್ತಿ ಕೊಚ್ಚಿಹೋಗುತ್ತದೆ.

ಸಾಲ ಕೊಟ್ಟಿದ್ದರೆ ಇನ್ನೊಂದು ಕಡೆಯೂ ಕಣ್ಣು ಹಾಯಿಸಿ. ಆಡಿಟರ್ ವರದಿಯ 'ಕಾರೋ' ಅನುಬಂಧದ ಮೂರನೇ ಅಂಶದಲ್ಲಿ, ಕಂಪನಿ ಕೊಟ್ಟ ಸಾಲದ ಷರತ್ತುಗಳು ಕಂಪನಿಯ ಹಿತಕ್ಕೆ ಧಕ್ಕೆ ತರುವಂತಿವೆಯೇ, ಕಂತು ತೊಂಬತ್ತು ದಿನಕ್ಕಿಂತ ಹೆಚ್ಚು ಬಾಕಿ ಬಿದ್ದಿದೆಯೇ ಎಂದು ಆಡಿಟರ್ ಹೇಳಬೇಕು. ನಿರ್ದೇಶಕರ ಸವಿಮಾತಿಗಿಂತ ಆ ನಾಲ್ಕು ಸಾಲು ಹೆಚ್ಚು ಬೆಲೆಯದ್ದು.

ಇಷ್ಟಾದರೂ ಪ್ಯಾಕಿಂಗ್ ಸಾಮಗ್ರಿಯನ್ನು ಕಿಲೋಗೆ ಯಾವ ದರದಲ್ಲಿ ಕೊಂಡರು ಎಂಬುದು ನೋಟ್‌ನಲ್ಲಿ ಸಿಗುವುದಿಲ್ಲ. ಅದು ಆಡಿಟ್ ಸಮಿತಿಯ ಕಡತದಲ್ಲಿ ಉಳಿಯುತ್ತದೆ. ಅದನ್ನು ಕಂಪನಿ ಸೆಕ್ರೆಟರಿಗೆ ಇಮೇಲ್ ಬರೆದು ಕೇಳಬಹುದು, ವಾರ್ಷಿಕ ಸಭೆಯಲ್ಲಿ ಮಾತಾಡಲು ಹೆಸರು ನೋಂದಾಯಿಸಿ ಎಲ್ಲರ ಮುಂದೆಯೂ ಕೇಳಬಹುದು. 'ಆರ್ಮ್ಸ್ ಲೆಂಗ್ತ್ ಹೌದೇ?' ಎಂದು ಕೇಳಿದರೆ ಹೌದು ಎಂಬ ಉತ್ತರ ಸಿದ್ಧವಾಗಿರುತ್ತದೆ. 'ಬೇರೆ ಎಷ್ಟು ಜನರಿಂದ ಕೊಟೇಶನ್ ತರಿಸಿದಿರಿ? ಆ 26 ಕೋಟಿಯಲ್ಲಿ ಮಾರ್ಚ್ ನಂತರ ಎಷ್ಟು ಬಂದಿದೆ?' ಎಂದು ಕೇಳಿ.

ಇನ್ನು ಮತದ ವಿಷಯ. ಮಿತಿ ಮೀರಿದ ವಹಿವಾಟಿಗೆ ಒಪ್ಪಿಗೆ ಕೇಳಿದಾಗ ಸಂಬಂಧಿತರು ಪರವಾಗಿ ಮತ ಹಾಕುವಂತಿಲ್ಲ. ಪ್ರವರ್ತಕರ ಬಳಿ ಶೇ 60 ಷೇರಿದ್ದರೂ ನಿರ್ಧಾರ ಉಳಿದವರ ಕೈಯಲ್ಲಿ. ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್‌ನಲ್ಲಿ 2014ರ ನವೆಂಬರ್‌ನಲ್ಲಿ ಹೀಗೇ ಆಯಿತು. ಸಂಬಂಧಿತ ಸಂಸ್ಥೆಗಳ ಜೊತೆಗಿನ 12 ಒಪ್ಪಂದಗಳನ್ನು ಮತಕ್ಕಿಟ್ಟಾಗ ಷೇರುದಾರರು 9ನ್ನು ತಿರಸ್ಕರಿಸಿದರು. ಯುಬಿ ಹೋಲ್ಡಿಂಗ್ಸ್‌ಗೆ ಕೊಟ್ಟಿದ್ದ 1,337 ಕೋಟಿ ರೂಪಾಯಿ ಸಾಲದ ಒಪ್ಪಂದವೂ ಅದರಲ್ಲಿತ್ತು. ಅಲ್ಲಿ ತೂಕ ಹಾಕಿದ್ದು ಹೆಚ್ಚಾಗಿ ದೊಡ್ಡ ಹೂಡಿಕೆ ಸಂಸ್ಥೆಗಳು ನಿಜ. ನಿಮ್ಮ ನೂರು ಷೇರೂ ಅದೇ ಎಣಿಕೆಗೆ ಸೇರುತ್ತದೆ. ಸಭೆಯ ನೋಟಿಸ್ ಕನಿಷ್ಠ 21 ದಿನ ಮೊದಲು ಬರುತ್ತದೆ. ಅದರ ವಿವರಣಾ ಟಿಪ್ಪಣಿಯಲ್ಲಿ ವಹಿವಾಟು ಯಾರ ಜೊತೆ, ಎಷ್ಟರದು, ಯಾಕೆ ಎಂದು ಬರೆದಿರುತ್ತದೆ. ಇ-ವೋಟಿಂಗ್ ಸಭೆಯ ಹಿಂದಿನ ದಿನ ಸಂಜೆ ಐದಕ್ಕೆ ಮುಗಿಯುತ್ತದೆ.