ಮುಚ್ಚಿದ ಬಾಗಿಲು, ಕಾಪಾಡಿದ ಹೆಸರು: ಸಂತ್ರಸ್ತೆಗೆ ನ್ಯಾಯಾಲಯದಲ್ಲಿರುವ ರಕ್ಷಣೆ

2025ರ ಮಾರ್ಚ್ 6ರ ರಾತ್ರಿ ಗಂಗಾವತಿ ತಾಲೂಕಿನ ಸಾಣಾಪುರದ ಬಳಿ, ಕಾಲುವೆಯ ದಡದಲ್ಲಿ ಇಬ್ಬರು ಮಹಿಳೆಯರ ಮೇಲೆ ಅತ್ಯಾಚಾರ ನಡೆಯಿತು. ಜೊತೆಗಿದ್ದ ಮೂವರು ಪುರುಷರನ್ನು ಕಾಲುವೆಗೆ ತಳ್ಳಲಾಯಿತು. ಅವರಲ್ಲಿ ಒಬ್ಬರು ನೀರುಪಾಲಾದರು. ಸುದ್ದಿ ದೇಶದ ಗಡಿ ದಾಟಿತು. ಪತ್ರಿಕೆಗಳು ಮಹಿಳೆಯರ ಹೆಸರು ಬರೆಯಲಿಲ್ಲ. ಆದರೆ ಅವರ ಕೆಲಸ, ವಯಸ್ಸಿನಂಥ ವಿವರಗಳು ಎಲ್ಲೆಡೆ ಹರಿದಾಡಿದವು. ಸಾಣಾಪುರದಂಥ ಸಣ್ಣ ಊರಿನಲ್ಲಿ ಇಂಥ ಎರಡು ವಿವರ ಕೂಡಿದರೆ ಸಾಕು, ಯಾರೆಂದು ಊರವರಿಗೆ ತಿಳಿದುಹೋಗುತ್ತದೆ. ಕಾನೂನು ತಡೆಯಲು ಹೊರಟಿರುವುದು ಇದನ್ನೇ.

ಹೆಸರಿನ ಸುತ್ತ ಕಟ್ಟಿದ ಬೇಲಿ

ಅತ್ಯಾಚಾರದ ಸಂತ್ರಸ್ತೆಯ ಹೆಸರನ್ನಾಗಲಿ, ಆಕೆ ಯಾರೆಂದು ತಿಳಿಸಿಕೊಡುವ ಯಾವುದೇ ಸಂಗತಿಯನ್ನಾಗಲಿ ಪ್ರಕಟಿಸುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಮಿನ ಪ್ರಕಾರ ಅಪರಾಧ. ಇದಕ್ಕೆ ಎರಡು ವರ್ಷದವರೆಗೆ ಜೈಲು ಮತ್ತು ದಂಡ ಇದೆ. ಈ ನಿಯಮ ಹೊಸದಲ್ಲ. 1983ರಲ್ಲೇ ಹಳೆಯ ದಂಡ ಸಂಹಿತೆಗೆ ಸೇರಿತ್ತು. ಆದರೂ ನ್ಯಾಯಾಲಯಗಳ ತೀರ್ಪುಗಳಲ್ಲೇ ಎಷ್ಟೋ ಕಾಲ ಹೆಸರು ಅಚ್ಚಾಗುತ್ತಿತ್ತು, ಏಕೆಂದರೆ ಮೇಲಿನ ನ್ಯಾಯಾಲಯಗಳ ತೀರ್ಪು ಮುದ್ರಿಸಲು ಕಾನೂನು ವಿನಾಯಿತಿ ಕೊಟ್ಟಿತ್ತು. ಆ ರೂಢಿಯನ್ನು ಬದಲಿಸಿದ್ದು ನಮ್ಮದೇ ರಾಜ್ಯದಿಂದ ಹೋದ ಒಂದು ಪ್ರಕರಣ. ಕರ್ನಾಟಕ ಸರ್ಕಾರ ಮತ್ತು ಪುಟ್ಟರಾಜ ನಡುವಿನ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2003ರ ನವೆಂಬರಿನಲ್ಲಿ ತೀರ್ಪು ನೀಡಿತು. ಸಮಾಜ ಆ ಹೆಣ್ಣನ್ನು ದೂರ ತಳ್ಳಬಾರದು ಎಂಬುದೇ ಕಾನೂನಿನ ಉದ್ದೇಶವಾದ್ದರಿಂದ, ಯಾವ ಹಂತದ ನ್ಯಾಯಾಲಯವೂ ತೀರ್ಪಿನಲ್ಲಿ ಆಕೆಯ ಹೆಸರು ಬರೆಯದಿರುವುದು ಸೂಕ್ತ ಎಂದು ಅದು ಹೇಳಿತು. ಇಂದು ತೀರ್ಪುಗಳಲ್ಲಿ ‘ಸಂತ್ರಸ್ತೆ’ ಎಂದೋ ‘1ನೇ ಸಾಕ್ಷಿ’ ಎಂದೋ ಕಾಣಿಸುವುದು ಇದರ ಫಲ.

2018ರ ಡಿಸೆಂಬರಿನಲ್ಲಿ ನಿಪುಣ್ ಸಕ್ಸೇನಾ ಪ್ರಕರಣದಲ್ಲಿ ಬೇಲಿ ಇನ್ನಷ್ಟು ಗಟ್ಟಿಯಾಯಿತು. ಹೆಸರು ಬಿಟ್ಟರೆ ಸಾಲದು, ದೂರದಿಂದಲೂ ಗುರುತು ಹಿಡಿಯುವಂಥ ಸಂಗತಿ ಹೊರಬರಬಾರದು ಎಂದಿತು ಸುಪ್ರೀಂ ಕೋರ್ಟು. ಇಂಥ ಪ್ರಕರಣದ ಎಫ್‌ಐಆರ್ ಅನ್ನು ಪೊಲೀಸರು ಸಾರ್ವಜನಿಕರಿಗೆ ಸಿಗುವಂತೆ ಇಡಬಾರದು. ಸಂತ್ರಸ್ತೆ ತೀರಿಕೊಂಡಿದ್ದರೂ ಹೆಸರು ಹೊರಹಾಕುವಂತಿಲ್ಲ. ‘ಆಕೆಗೆ ನ್ಯಾಯ ಸಿಗಲಿ’ ಎಂದು ಭಾವಚಿತ್ರ ಹಿಡಿದು ಮೆರವಣಿಗೆ ಮಾಡುವವರೂ, ಅದನ್ನು ವಾಟ್ಸ್ಆಪ್ ಸ್ಟೇಟಸ್ಸಿಗೆ ಹಾಕುವವರೂ ಇದನ್ನು ನೆನಪಿಡಬೇಕು. ಮುಂದೆ ಬಂದು ತನ್ನ ಹೆಸರು ಹೇಳಿಕೊಳ್ಳುವ ಆಯ್ಕೆ ವಯಸ್ಕ ಸಂತ್ರಸ್ತೆಗೆ ಉಂಟು. ಆಕೆಯ ಲಿಖಿತ ಒಪ್ಪಿಗೆ ಇಲ್ಲದೆ ಬೇರೆಯವರಿಗೆ ಇಲ್ಲ.

ಸಾಕ್ಷಿ ಹೇಳುವ ದಿನ

ಯಲಬುರ್ಗಾ ತಾಲೂಕಿನ ಹಳ್ಳಿಯೊಂದರ ಮಹಿಳೆಯೊಬ್ಬರು ಕೊಪ್ಪಳದ ಸೆಷನ್ಸ್ ನ್ಯಾಯಾಲಯಕ್ಕೆ ಸಾಕ್ಷಿ ಹೇಳಲು ಬಂದಿದ್ದಾರೆ ಎಂದಿಟ್ಟುಕೊಳ್ಳೋಣ. ಅವರ ಪ್ರಕರಣ ಕರೆದಾಗ ನ್ಯಾಯಾಧೀಶರು ಬಾಗಿಲು ಮುಚ್ಚಿಸುತ್ತಾರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 366ನೇ ಕಲಮಿನ ಪ್ರಕಾರ ಅತ್ಯಾಚಾರದ ವಿಚಾರಣೆ ಗೌಪ್ಯವಾಗಿಯೇ ನಡೆಯಬೇಕು. ಯಾರೂ ಅರ್ಜಿ ಹಾಕಬೇಕಿಲ್ಲ. ಸಾಧ್ಯವಾದಷ್ಟು ಮಟ್ಟಿಗೆ ಮಹಿಳಾ ನ್ಯಾಯಾಧೀಶರೇ ನಡೆಸಬೇಕೆಂದೂ ಅದೇ ಕಲಮು ಹೇಳುತ್ತದೆ.

ಒಳಗೆ ಉಳಿಯುವವರು ನ್ಯಾಯಾಧೀಶರು, ಸಿಬ್ಬಂದಿ, ಸರ್ಕಾರಿ ಅಭಿಯೋಜಕರು, ಆರೋಪಿ ಮತ್ತು ಆತನ ವಕೀಲರು. ಬೇರೆ ಪ್ರಕರಣಕ್ಕೆ ಕಾದು ಕುಳಿತ ವಕೀಲರೂ ಕಕ್ಷಿದಾರರೂ ಹೊರಗೆ ಹೋಗಬೇಕು. ಧೈರ್ಯಕ್ಕೆ ಯಾರಾದರೂ ಜೊತೆಗಿರಲಿ ಎಂದು ಆಕೆ ಕೇಳಬಹುದು, ನ್ಯಾಯಾಧೀಶರು ಅನುಮತಿ ಕೊಡಬಹುದು. ಇಲ್ಲೊಂದು ತೊಡಕು ಮೇಲಿಂದ ಮೇಲೆ ಎದುರಾಗುತ್ತದೆ. ತಾಯಿಯೋ ಅಕ್ಕನೋ ಅದೇ ಪ್ರಕರಣದ ಸಾಕ್ಷಿಯಾಗಿದ್ದರೆ, ಅವರ ಹೇಳಿಕೆ ಮುಗಿಯುವ ತನಕ ಸಾಮಾನ್ಯವಾಗಿ ಅವರನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದ ಸಾಕ್ಷಿಪಟ್ಟಿಯಲ್ಲಿಲ್ಲದ ಒಬ್ಬರನ್ನು ಮೊದಲೇ ಗೊತ್ತುಮಾಡಿಕೊಂಡು, ಅಭಿಯೋಜಕರ ಮೂಲಕ ಕೇಳುವುದು ಒಳ್ಳೆಯದು.

ಆರೋಪಿಯ ಮುಖ ನೋಡುತ್ತಲೇ ಮಾತಾಡುವುದು ಹಲವರಿಗೆ ಅತಿ ಕಷ್ಟದ ಗಳಿಗೆ. 2004ರ ‘ಸಾಕ್ಷಿ’ ಸಂಸ್ಥೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಪರದೆಯಂಥ ವ್ಯವಸ್ಥೆ ಮಾಡಲು, ನೇರವಾಗಿ ಘಟನೆಗೆ ಸಂಬಂಧಿಸಿದ ಪಾಟಿ ಸವಾಲನ್ನು ವಕೀಲರು ಬರೆದುಕೊಟ್ಟು ನ್ಯಾಯಾಧೀಶರೇ ಸಭ್ಯ ಮಾತಿನಲ್ಲಿ ಕೇಳಲು, ನಡುವೆ ಬಿಡುವು ಕೊಡಲು ಸೂಚಿಸಿತು. 2022ರಲ್ಲಿ ಜಿಲ್ಲೆಗೊಂದರಂತೆ ದುರ್ಬಲ ಸಾಕ್ಷಿಗಳ ಹೇಳಿಕೆ ಕೇಂದ್ರ ಇರಬೇಕೆಂದೂ, ಲೈಂಗಿಕ ದೌರ್ಜನ್ಯಕ್ಕೊಳಗಾದ ವಯಸ್ಕರೂ ಅದರ ವ್ಯಾಪ್ತಿಗೆ ಬರಬೇಕೆಂದೂ ಅದು ಹೇಳಿತು. ಸಂತ್ರಸ್ತೆ ಬಾಲಕಿಯಾಗಿದ್ದರೆ ಪೋಕ್ಸೊ ಕಾಯ್ದೆಯಡಿ ಈ ರಕ್ಷಣೆ ಕಡ್ಡಾಯ: ಮಗುವಿನ ಕಣ್ಣಿಗೆ ಆರೋಪಿ ಬೀಳಬಾರದು, ಪ್ರಶ್ನೆಗಳೆಲ್ಲ ನ್ಯಾಯಾಧೀಶರ ಮೂಲಕವೇ ಬರಬೇಕು, ಮಗುವನ್ನು ಪದೇ ಪದೇ ಕರೆಸಬಾರದು. ವಯಸ್ಕ ಮಹಿಳೆಗೆ ಪರದೆ ತಾನಾಗಿ ಬರುವುದಿಲ್ಲ. ಬೇಕೆಂದರೆ ಸಾಕ್ಷಿ ಶುರುವಾಗುವ ಮುಂಚೆಯೇ ಕೇಳಬೇಕು.

ಯಾವ ಪ್ರಶ್ನೆ ಕೇಳುವಂತಿಲ್ಲ

ಪಾಟಿ ಸವಾಲಿನಲ್ಲಿ ಘಟನೆಯ ಜಾಗ, ಬೆಳಕು, ಸಮಯ, ದೂರು ತಡವಾದ ಕಾರಣ ಇವನ್ನೆಲ್ಲ ಆರೋಪಿಯ ವಕೀಲರು ಕೆದಕಬಹುದು. ಅದು ಆರೋಪಿಯ ಹಕ್ಕು. ಆದರೆ ಆಕೆ ಒಪ್ಪಿದ್ದಳು ಎಂದು ತೋರಿಸಲು ಆಕೆಯ ನಡತೆಯನ್ನೋ ಹಿಂದಿನ ಸಂಬಂಧವನ್ನೋ ಎತ್ತುವಂತಿಲ್ಲ. ಸಾಕ್ಷ್ಯ ಅಧಿನಿಯಮದ 48 ಮತ್ತು 149ನೇ ಕಲಮುಗಳು ಇದನ್ನು ತಡೆಯುತ್ತವೆ. ‘ನೀನು ಮೊದಲು ಯಾರ ಜೊತೆ ಓಡಾಡುತ್ತಿದ್ದೆ?’ ಎಂಬ ಪ್ರಶ್ನೆ ಬಂದರೆ ಅಭಿಯೋಜಕರು ಆ ಕ್ಷಣವೇ ಎದ್ದು ಆಕ್ಷೇಪಿಸಬೇಕು. ಅವರು ಸುಮ್ಮನಿದ್ದರೂ ತಡೆಯುವುದು ನ್ಯಾಯಾಧೀಶರ ಹೊಣೆ. ವೈದ್ಯಕೀಯ ತಪಾಸಣೆಯ ಹೆಸರಿನಲ್ಲೂ ಆಕೆಯ ಹಿಂದಿನ ಸಂಬಂಧ ಕೆದಕುವಂತಿಲ್ಲ: ಎರಡು ಬೆರಳಿನ ಪರೀಕ್ಷೆ ನಡೆಸುವವರು ದುರ್ನಡತೆಯ ತಪ್ಪಿತಸ್ಥರು ಎಂದು 2022ರ ಅಕ್ಟೋಬರ್ 31ರಂದು ಸುಪ್ರೀಂ ಕೋರ್ಟು ಖಂಡಿತವಾಗಿ ಹೇಳಿದೆ.

ಬೇಲಿ ಎಲ್ಲಿ ಮುರಿಯುತ್ತದೆ

ಗೌಪ್ಯ ವಿಚಾರಣೆ ಎಂದರೆ ಆರೋಪಿಗೂ ಆಕೆ ಯಾರೆಂದು ತಿಳಿಯದು ಎಂದಲ್ಲ. ಸಾಕ್ಷಿಯನ್ನು ಪ್ರಶ್ನಿಸಲು ಆತನಿಗೆ ಅದು ತಿಳಿದಿರಲೇಬೇಕು. ಆತನ ಕಡೆಯವರು ಬೆದರಿಸಿದರೆ ಸಾಕ್ಷಿ ರಕ್ಷಣೆ ಕೋರಿ ಬೇರೆ ಅರ್ಜಿ ಹಾಕಬೇಕು, ಜಾಮೀನು ರದ್ದತಿಗೂ ಕೇಳಬಹುದು.

ಗುರುತು ಸೋರುವುದು ಹೆಚ್ಚಾಗಿ ಕೋಣೆಯ ಹೊರಗೆ. ಸಮನ್ಸ್ ಹಿಡಿದು ಸಮವಸ್ತ್ರದ ಪೊಲೀಸರು ಓಣಿಯಲ್ಲಿ ಮನೆ ವಿಚಾರಿಸುತ್ತಾರೆ. ಮೊಗಸಾಲೆಯಲ್ಲಿ ನಿಂತು ಜವಾನರು ಹೆಸರು ಹಿಡಿದು ಕೂಗುತ್ತಾರೆ. ಯಾರೋ ಎಫ್‌ಐಆರ್ ಪುಟದ ಫೋಟೊ ತೆಗೆದು ಗುಂಪಿಗೆ ಕಳಿಸುತ್ತಾರೆ. ಆರೋಪಿಯನ್ನು ‘ಆಕೆಯ ಮಾವ’ ಎಂದು ಸುದ್ದಿಯಲ್ಲಿ ಬರೆದು, ಆತನ ಹೆಸರನ್ನೂ ಊರನ್ನೂ ಕೊಟ್ಟರೆ ಸಂತ್ರಸ್ತೆಯ ಹೆಸರು ಬರೆದಂತೆಯೇ ಆಯಿತು. ಸಮನ್ಸನ್ನು ಮಫ್ತಿಯಲ್ಲಿ ಬಂದು ಮುಟ್ಟಿಸಿ, ಹೆಸರು ಕೂಗದೆ ಪ್ರಕರಣದ ಸಂಖ್ಯೆ ಹೇಳಿ ಎಂದು ಅಭಿಯೋಜಕರ ಮೂಲಕ ವಿನಂತಿಸಿಕೊಳ್ಳಬಹುದು. ಮುಚ್ಚಿದ ಬಾಗಿಲಿನೊಳಗಿನ ವಿಚಾರಣೆಯನ್ನು ನ್ಯಾಯಾಲಯದ ಅನುಮತಿ ಇಲ್ಲದೆ ವರದಿ ಮಾಡುವುದೂ ನ್ಯಾಯ ಸಂಹಿತೆಯ 73ನೇ ಕಲಮಿನಡಿ ಅಪರಾಧ.

ಗುರುತು ಬಯಲಾಗಿದ್ದರೆ ಮೊದಲು ಫೋನಿನ ಸ್ಕ್ರೀನ್‌ಶಾಟ್, ಕಳಿಸಿದವರ ಸಂಖ್ಯೆ, ದಿನಾಂಕ, ಸಮಯ ಉಳಿಸಿಕೊಳ್ಳಿ. ಆಮೇಲೆ ಠಾಣೆಗೆ ದೂರು ಕೊಡಿ, ನ್ಯಾಯಾಧೀಶರ ಗಮನಕ್ಕೂ ತನ್ನಿ. ಸಂತ್ರಸ್ತೆ ತನ್ನ ಆಯ್ಕೆಯ ವಕೀಲರನ್ನು ಅಭಿಯೋಜಕರ ನೆರವಿಗೆ ಇಟ್ಟುಕೊಳ್ಳಲು ನ್ಯಾಯಾಲಯ ಅನುಮತಿ ಕೊಡಬಹುದು. ಹಣವಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಉಚಿತವಾಗಿ ವಕೀಲರನ್ನು ಕೊಡುತ್ತದೆ. ಮಹಿಳೆಯರಿಗೆ ಇದಕ್ಕೆ ಆದಾಯ ಮಿತಿಯಿಲ್ಲ. ಕಾನೂನು ನೆರವಿಗೆ 15100, ಮಹಿಳಾ ಸಹಾಯವಾಣಿಗೆ 181, ಮಕ್ಕಳ ವಿಷಯವಾದರೆ 1098.

ಬಾಗಿಲು ಮುಚ್ಚುವುದು ನ್ಯಾಯಾಧೀಶರ ಕೆಲಸ, ಹೆಸರು ಕಾಯುವುದು ನಮ್ಮೆಲ್ಲರ ಕೆಲಸ. ನಿಮ್ಮ ಫೋನಿಗೆ ಅಂಥ ಹೆಸರೋ ಚಿತ್ರವೋ ಬಂದರೆ ಮುಂದಕ್ಕೆ ಕಳಿಸಬೇಡಿ, ಕಳಿಸಿದವರಿಗೂ ಅದು ಅಪರಾಧವೆಂದು ತಿಳಿಸಿ.